ಪೈಪಿನ ಮೇಲಿನ ಕೌದಿ

ನೀರಲಕೊಪ್ಪದ ಜನಕ್ಕೆ ಬಾಕ್ಸ್ ಬೇಕಾಗಿತ್ತು. ಯಾಕೆ ಬೇಕು ಎಂದು ಕೇಳಿದರೆ, ಪಕ್ಕದ ಊರಿಗೆ ಬಾಕ್ಸ್ ಆಗಿದೆ ಎಂಬುದನ್ನು ಬಿಟ್ಟು ಬೇರೆ ಉತ್ತರ ಅವರ ಹತ್ತಿರ ಇರಲಿಲ್ಲ. ಹಳ್ಳಕ್ಕೆ ಅಡ್ಡಲಾಗಿ ತಳ, ಗೋಡೆ, ಮೇಲ್ಚಪ್ಪಡಿ ಎಲ್ಲವನ್ನೂ ಒಂದೇ ಕಾಂಕ್ರೀಟಿನಲ್ಲಿ ಚೌಕವಾಗಿ ಕಟ್ಟಿದರೆ ಅದು ಬಾಕ್ಸ್ ಮೋರಿ. ದುಂಡನೆಯ ಸಿಮೆಂಟ್ ಪೈಪು ಕೂಡಿಸಿ, ಮೇಲೆ ಮಣ್ಣು ಹಾಕಿ ರಸ್ತೆ ಮಾಡಿದರೆ ಅದು ಪೈಪ್ ಮೋರಿ. ಊರಿನ ಹಿರಿಯ ಮಹಾಂತಯ್ಯನವರು ಮೂರು ಸಲ ನಮ್ಮ ಆಫೀಸಿಗೆ ಬಂದು ಬಾಕ್ಸ್ ಬಾಕ್ಸ್ ಎಂದು ಜಪ ಮಾಡಿ ಹೋದಾಗ ನನಗೆ ತಲೆ ಕೆಟ್ಟುಹೋಯಿತು. ಇವರು ಪೇಢೆಯ ಬಾಕ್ಸ್ ಅಂತ ತಿಳಿದಿದ್ದಾರೇನೋ ಎಂದು ನಮ್ಮ ಇಂಜಿನಿಯರ್ ಮೈತ್ರೇಯಿ ಮೇಡಮ್ಮಿಗೆ ಹೇಳಿದೆ. ಆಕೆ ನಗಲಿಲ್ಲ.

ನಾನು ಗುರುಪಾದ. ಧಾರವಾಡದ ಒಂದು ಉಪವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ವರ್ಕ್ ಇನ್ಸ್‌ಪೆಕ್ಟರ್. ಇಂಜಿನಿಯರ್ ಆದವರು ಯಂತ್ರದಲ್ಲಿ ಕಣ್ಣಿಟ್ಟು ಅಳತೆ ಓದುತ್ತಾರೆ, ನಾನು ದೂರದಲ್ಲಿ ಅಳತೆಯ ಕೋಲು ಹಿಡಿದು ಬಿಸಿಲಲ್ಲಿ ನಿಲ್ಲುತ್ತೇನೆ. ಇಷ್ಟು ವರ್ಷ ನಿಂತ ಮೇಲೆ ಎಲ್ಲರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಸೊಕ್ಕು ಬಂದುಬಿಡುತ್ತದೆ. ನನಗೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮೈತ್ರೇಯಿ ಮೇಡಮ್ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುತ್ತಾ ಬಂದಿತ್ತು. ಪ್ರೊಬೇಷನ್ ಮುಗಿಯಲು ಎರಡೇ ತಿಂಗಳು. ನೀರಲಕೊಪ್ಪದ ಮೋರಿ ಆಕೆ ಯಾರ ಸಹಾಯವೂ ಇಲ್ಲದೆ ತಾನೇ ಅಳೆದು, ಲೆಕ್ಕ ಮಾಡಿ, ನಕ್ಷೆ ಬರೆದ ಮೊದಲನೆಯ ಕೆಲಸ. ನಮ್ಮ ಸಾಹೇಬರು ಬಸವಪ್ರಭು ಅವರು ಪ್ರೊಬೇಷನ್ ವರದಿಯನ್ನು ಈ ಕೆಲಸ ನೋಡಿಯೇ ಬರೆಯುತ್ತೇನೆ ಎಂದು ನೇರವಾಗಿ ಹೇಳಿಬಿಟ್ಟಿದ್ದರು. ಅವರು ಹೊಗಳಿಕೆಯಲ್ಲಿ ಬಹಳ ಕಂಜೂಸು. ಹಿಂದಿನ ಒಬ್ಬ ಹುಡುಗನಿಗೆ ಒಂದು ತಪ್ಪು ನಕ್ಷೆಯ ಸಲುವಾಗಿ ಇನ್ನೊಂದು ವರ್ಷ ಪ್ರೊಬೇಷನ್ ಮುಂದುವರಿಸಿದ್ದರು.

ಮೇಡಮ್ ಬರೆದದ್ದು ಪೈಪ್ ಮೋರಿ. ಒಳಗೆ ಒಂದು ಮೀಟರ್ ಅಗಲದ ಪೈಪು, ಎರಡು ಸಾಲು. ಮಹಾಂತಯ್ಯನವರು ಮುಖ ಸಣ್ಣದು ಮಾಡಿಕೊಂಡಾಗ ಆಕೆ ಸಮಾಧಾನದಿಂದ ಕೂತು ತಿಳಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

"ಅಜ್ಜಾರ, ಪೈಪು ಅಂದ್ರ ಕೀಳಲ್ಲರಿ, ಬಾಕ್ಸ್ ಅಂದ್ರ ಮೇಲಲ್ಲ. ನಿಮ್ಮ ಹಳ್ಳ ಸಣ್ಣದು. ಪೈಪಿನ ಮೇಲೆ ಎರಡು ಅಡಿ ಮಣ್ಣು ಹಾಕಲಿಕ್ಕೆ ಎತ್ತರ ಸಿಗತದ. ಅಷ್ಟು ಸಿಕ್ರ ಪೈಪು ಛಲೋ ಕೆಲಸ ಮಾಡತದ, ಎಂಟು ದಿನದಾಗ ರಸ್ತಾ ಬಿಡಬಹುದು. ಬಾಕ್ಸಿಗೆ ಎರಡು ತಿಂಗಳು ಬೇಕು."

"ಎರಡ ಅಡಿ ಸಿಗಲಿಲ್ಲಂದ್ರ?"

"ಅಳದು ನೋಡೇನ್ರಿ. ಸಿಗತದ."

ಮಹಾಂತಯ್ಯನವರು ಒಪ್ಪಿದರು ಅನ್ನುವುದಕ್ಕಿಂತ ಸುಮ್ಮನಾದರು. ಅದರ ಪೂರ್ತಿ ಸಂತೋಷ ಮೇಡಮ್ಮಿಗಿಂತ ನನಗೇ ಆಯಿತು.

ಮಾರ್ಚ್ ಮಧ್ಯದಲ್ಲಿ ಕೆಲಸ ಶುರು. ಹಳ್ಳ ಒಣಗಿ ಬಿಳಿಚಿಕೊಂಡಿತ್ತು. ಆರು ಪೈಪು ಲಾರಿಯಲ್ಲಿ ಬಂದು ರಸ್ತೆ ಬದಿಗೆ ಕೂತವು. ಕುಸಿದುಹೋಗಿದ್ದ ಹಳೆಯ ಕಲ್ಲು ಮೋರಿಯನ್ನು ಜೆಸಿಬಿಯ ಫಾರೂಕ ಕಿತ್ತು ತೆಗೆದ. ರಸ್ತೆಗೆ ಅಡ್ಡಲಾಗಿ ದೊಡ್ಡ ಬಾಯಿ ತೆರೆದುಕೊಂಡಿತು. ಟ್ರ್ಯಾಕ್ಟರುಗಳು ಪಕ್ಕದ ಹಳ್ಳದೊಳಗೇ ಇಳಿದು ಹತ್ತಿ ಹೋಗುತ್ತಿದ್ದವು.

ಕಲ್ಲಿನ ಕೆಲಸಕ್ಕೆ ಬಂದವರು ಹುಸೇನಬಾಷಾ. ಅವರ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಪೈಪಿನ ಎರಡೂ ತುದಿಗೆ ಕಟ್ಟುವ ಗೋಡೆಗೆ ಹೆಡ್‌ವಾಲ್ ಅನ್ನುತ್ತಾರೆ. ರಸ್ತೆಯ ಮಣ್ಣು ಜಾರಿ ಪೈಪಿನ ಬಾಯಿಗೆ ಬೀಳದಂತೆ ಅದು ಹಿಡಿಯಬೇಕು. ನೀರು ಪೈಪನ್ನು ಬಿಟ್ಟು ಅದರ ಪಕ್ಕದ ಮಣ್ಣಿನಲ್ಲಿ ದಾರಿ ಮಾಡಿಕೊಳ್ಳದಂತೆ ತಡೆಯಬೇಕು. ಜನ ಕಣ್ಣಿಗೆ ಕಾಣುವ ಗೋಡೆ ನೋಡಿ ಹೊಗಳುತ್ತಾರೆ. ಹುಸೇನಬಾಷಾ ಕಾಣದ್ದನ್ನು ಕಟ್ಟುವ ಮನುಷ್ಯ. ಹಳ್ಳದ ತಳಕ್ಕಿಂತ ಮೂರು ಅಡಿ ಕೆಳಗೆ ಪಾಯ ಒಯ್ದು, ನೀರು ಕೊರೆದರೂ ಗೋಡೆಯ ಕಾಲು ಅಲ್ಲಾಡದ ಹಾಗೆ ಮಾಡುತ್ತಾರೆ. ಗೋಡೆಯ ಹಿಂದೆ ಎರೆ ಮಣ್ಣು ತುಂಬಲು ಯಾರಾದರೂ ಬುಟ್ಟಿ ಎತ್ತಿದರೆ ಸಾಕು, ಎದ್ದು ಹೋಗಿ ಬುಟ್ಟಿ ಕಸಿಯುತ್ತಾರೆ. ಎರೆ ಮಣ್ಣು ಮಳೆಗೆ ಉಬ್ಬಿ ಗೋಡೆ ನೂಕುತ್ತದೆ, ಅಲ್ಲಿಗೆ ನೀರು ಬಸಿದುಹೋಗುವ ಕಲ್ಲುಮಣ್ಣು, ಗರಸೇ ಆಗಬೇಕು. ರಾಯಾಪುರದ ಕಡೆಗೆ ಅವರು ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಹೆಡ್‌ವಾಲ್‌ಗಳ ಸಂದಿಯಲ್ಲಿ ಇವತ್ತಿಗೂ ಬ್ಲೇಡು ತೂರುವುದಿಲ್ಲ. ಹೆಚ್ಚು ಹೇಳುತ್ತಿಲ್ಲ, ನಾನೇ ತೂರಿಸಿ ನೋಡಿದ್ದೇನೆ.

ಆ ದಿನ ಮಧ್ಯಾಹ್ನ ಮೂರಕ್ಕೆ ಬಸವಪ್ರಭು ಸಾಹೇಬರು ಬರುವವರಿದ್ದರು. ಅವರ ಮುಂದೆ ಪೈಪಿನ ಕೆಳಗಿನ ಕಾಂಕ್ರೀಟು ಸುರಿಯಬೇಕೆಂದು ಎಲ್ಲ ತಯಾರಿ. ಬೆಳಿಗ್ಗೆ ಹತ್ತಕ್ಕೆ ಹುಸೇನಬಾಷಾ ಹಳ್ಳಕ್ಕೆ ಇಳಿದರು. ಕೈಯಲ್ಲಿ ನಕ್ಷೆಯ ಝೆರಾಕ್ಸ್. ತಳದಲ್ಲಿ ನಿಂತು ರಸ್ತೆಯ ಅಂಚನ್ನು ನೋಡಿದರು, ನಕ್ಷೆ ನೋಡಿದರು, ಮತ್ತೆ ರಸ್ತೆ ನೋಡಿದರು. ಹೀಗೆ ಕಾಲು ಗಂಟೆ. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ ಮೇಸ್ತ್ರಿ, ನಕ್ಷಾ ಬಾಯಿಪಾಠ ಮಾಡಾಕತ್ತೀರೇನು? ಪಾಯ ಹಿಡೀರಿ ಲಗೂ."

"ಹಿಡಿಯೂಣ ಗುರಪಾದಣ್ಣಾ. ಒಂದ ಪೈಪ ಕೆಳಗ ಇಳಸಿ ನೋಡತೀನಿ. ತುಟಿ ಎಲ್ಲರೆ ಒಡದೈತೇನೋ ಅಂತ."

ಪೈಪಿನ ತುಟಿ ಒಡೆದದ್ದನ್ನು ನೋಡಲು ಅದನ್ನು ಹಳ್ಳಕ್ಕೆ ಇಳಿಸಬೇಕಾಗಿಲ್ಲ. ರಸ್ತೆಯ ಮೇಲೆಯೇ ಕಾಣುತ್ತದೆ. ಆದರೆ ಹುಸೇನಬಾಷಾ ಕಾರಣವಿಲ್ಲದೆ ಕೈ ಎತ್ತುವವರಲ್ಲ, ಅದಕ್ಕೆ ಫಾರೂಕನಿಗೆ ಸನ್ನೆ ಮಾಡಿದೆ. ಫಾರೂಕ ಜೆಸಿಬಿಗೆ ಸರಪಳಿ ಕಟ್ಟಿ ಒಂದು ಪೈಪನ್ನು ಇಳಿಸಿದ. ಮೇಸ್ತ್ರಿ ಅದು ಕೂರುವ ಜಾಗವನ್ನು ಪೈಪಿನ ಗೋಡೆಯ ದಪ್ಪದಷ್ಟು ತಗ್ಗು ಮಾಡಿಸಿದ್ದರು. ಪೈಪಿನ ಒಳತಳ ಹಳ್ಳದ ತಳಕ್ಕೆ ಸಮನಾಗಿ ಕೂತಿತು. ನೀರು ಎಡವದೆ ಒಳಗೆ ಹೋಗಬೇಕಾದರೆ ಹಾಗೆಯೇ ಕೂರಬೇಕು.

ಆಮೇಲೆ ಅವರು ಜೇಬಿನಿಂದ ದಾರ ತೆಗೆದರು. ಈ ಕಡೆಯ ರಸ್ತೆಯ ಮೇಲ್ಮೈಗೆ ಒಂದು ಮೊಳೆ, ಆ ಕಡೆಯ ರಸ್ತೆಗೆ ಇನ್ನೊಂದು ಮೊಳೆ, ನಡುವೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರು. ರಸ್ತೆ ತುಂಬಿದ ಮೇಲೆ ಎಲ್ಲಿಗೆ ಬರುತ್ತದೋ ದಾರ ಅಲ್ಲಿ ನಿಂತಿತು. ಕೆಳಗಿಳಿದು ಪೈಪಿನ ನೆತ್ತಿಯ ಮೇಲೆ ಅಂಗೈ ಚಾಚಿ, ಹೆಬ್ಬೆರಳು ಪೈಪಿಗೆ, ಕಿರುಬೆರಳು ದಾರಕ್ಕೆ ತಾಗಿಸಿದರು. ಒಂದು ಗೇಣು. ಸುತ್ತ ನಿಂತ ಊರವರಿಗೆ ಅವರು ಆಡುತ್ತಿದ್ದಾರೆ ಅನ್ನಿಸಿರಬೇಕು. ಮೈತ್ರೇಯಿ ಮೇಡಮ್ಮಿನ ಮುಖದ ಬಣ್ಣ ಮಾತ್ರ ಇಳಿದುಹೋಯಿತು.

ಹುಸೇನಬಾಷಾ ಮೇಡಮ್ಮಿನ ಹತ್ತಿರ ಬಂದು ದನಿ ತಗ್ಗಿಸಿ ಮಾತಾಡಿದರು. ಪಕ್ಕದಲ್ಲಿ ನಾನೊಬ್ಬನೇ ಇದ್ದೆ.

"ಮೇಡಮ್ಮಾರ, ನನ್ನ ಕಣ್ಣ ತಪ್ಪಿರಬಹುದು. ನೀವೊಮ್ಮಿ ನೋಡ್ರಿ. ಪೈಪಿಗೆ ಮ್ಯಾಲೆ ಕೌದಿ ಬೇಕಲ್ರೀ. ಎರಡ ಅಡಿ ಮಣ್ಣ ಇದ್ರ ಟ್ರ್ಯಾಕ್ಟರಿನ ಗಾಲಿ ಭಾರ ಹರವಿಕೊಂಡ ಇಳಿತೈತಿ. ಗೇಣ ಮಣ್ಣಾಗ ಸೀದಾ ನೆತ್ತಿಗಿ ಕುಟ್ಟತೈತಿ. ಒಂದ ಸುಗ್ಗಿಗೆ ಪೈಪ ಸೀಳತಾವು."

ಆ ಮನುಷ್ಯ ಬೇಕಾದರೆ ರಸ್ತೆಯ ಮೇಲಿಂದಲೇ "ನಕ್ಷಾ ತಪ್ಪೈತಿ" ಎಂದು ಕೂಗಬಹುದಿತ್ತು. ಮಹಾಂತಯ್ಯನವರು ಹಬ್ಬ ಮಾಡುತ್ತಿದ್ದರು. ನಾನಾಗಿದ್ದರೆ ಖಂಡಿತ ಕೂಗುತ್ತಿದ್ದೆ. ಅವರು ಪೈಪಿನ ತುಟಿಯ ನೆವ ಹೇಳಿ, ದಾರ ಕಟ್ಟಿ, ಓದಬೇಕಾದವರಿಗೆ ಮಾತ್ರ ಓದಲು ಬಿಟ್ಟರು. ಅವರ ಮೇಲೆ ಮೊದಲಿನಿಂದಲೂ ನನಗೆ ಗೌರವ. ಆ ದಿನ ಅದು ದುಪ್ಪಟ್ಟಾಯಿತು.

ಮೇಡಮ್ ಅಳತೆ ಬರೆದಿಡುವ ಫೀಲ್ಡ್ ಬುಕ್ ತೆಗೆದು ಹಿಂದಿನ ವರ್ಷದ ಪುಟ ನೋಡಿದರು. ರಸ್ತೆಯಿಂದ ಹಳ್ಳದ ತಳಕ್ಕೆ ಆರೂವರೆ ಅಡಿ ಎಂದು ಬರುತ್ತಿತ್ತು. ಈಗ ಟೇಪು ಬಿಟ್ಟರೆ ನಾಲ್ಕೂವರೆ. ರಸ್ತೆ ಇಳಿದಿರಲಿಲ್ಲ, ಹಿಂದಿನ ಅಳತೆಗೆ ಹಿಡಿದ ಗುರುತಿನ ಕಲ್ಲು ಅಲ್ಲೇ ಇತ್ತು. ಎರಡು ಅಡಿ ಹಳ್ಳವೇ ಮೇಲೆದ್ದಿತ್ತು.

"ಹೂಳು ತುಂಬೇದೇನು ಹಂಗಾರ?" ಎಂದು ಆಕೆ ತನಗೆ ತಾನೇ ಕೇಳಿಕೊಂಡರು. ಆದರೆ ಮೇಲೆ ಕೆಳಗೆ ನೂರು ಹೆಜ್ಜೆ ನಡೆದು ನೋಡಿದರೆ ತಳ ಒಂದೇ ಸಮ ಇಳಿಜಾರಿನಲ್ಲಿತ್ತು. ಹೊಸ ಹೂಳಿನ ಗುರುತಿಲ್ಲ.

ಹಳ್ಳದ ದಂಡೆಗೇ ರತ್ನವ್ವನ ಮನೆ. ಮಣ್ಣೆತ್ತಿನ ಅಮಾವಾಸ್ಯೆಗೆ ನೂರಾರು ಜೊತೆ ಮಣ್ಣಿನ ಎತ್ತು ಮಾಡಿ ಹುಬ್ಬಳ್ಳಿಗೆ ಒಯ್ದು ಮಾರುವ ಹೆಂಗಸು. ಕಟ್ಟೆಯ ಮೇಲೆ ಕೂತು ಕಡಲೆ ಸುಲಿಯುತ್ತಾ ನಮ್ಮ ಪರದಾಟವನ್ನೆಲ್ಲ ನೋಡುತ್ತಿದ್ದಳು. ಮೇಡಮ್ ಆಕೆಯ ಹತ್ತಿರ ಹೋಗಿ ಕೇಳಿದರು.

"ಅವ್ವಾ, ಈ ಮೋರಿ ಮುಂದ ಹಳ್ಳ ಆಳ ಇತ್ತೇನು ಹ್ವಾದ ವರ್ಷ?"

"ಯಾವಾಗ ಬಂದಿದ್ರಿ ತಂಗಿ?"

"ಜೂನ್ ಕಡೀಕ."

ರತ್ನವ್ವ ಕಡಲೆ ಬಿಟ್ಟು ನಕ್ಕಳು. "ಅಮಾಸಿ ಆಜೂಬಾಜೂ ಬಂದಿರಿ ನೋಡ್ರಿ. ಅಲ್ಲೆ ನಾವು ಎತ್ತಿಗೆ ಮಣ್ಣ ತಗದ ಕುಣಿ ಇರತೈತಿ. ಮ್ಯಾಲಿನ ಮಣ್ಣಾಗ ಉಸುಕ ಬರತೈತಿ, ಎತ್ತಿನ ಕಾಲ ನಿಲ್ಲೂದಿಲ್ಲ. ಎರಡ ಅಡಿ ಕೆಳಗ ಹ್ವಾದ್ರ ಬೆಣ್ಣಿಯಂಥಾ ಜೇಡಿ. ಪ್ರತಿ ವರ್ಷ ಅಲ್ಲೇ ತಗೀತೀವಿ. ಎರಡ ದೊಡ್ಡ ಮಳಿ ಬಂದ್ರ ಹಳ್ಳನ ಕುಣಿ ತುಂಬಿಕೊಂಡ ಬಿಡತೈತಿ. ನಿಮ್ಮ ಕೋಲ ನಮ್ಮ ಎತ್ತಿನ ಕುಣ್ಯಾಗ ನಿಂತಿತ್ತು."

ಹಿಂದಿನ ಜೂನಿನ ಆ ದಿನ ನನ್ನ ಕಣ್ಣ ಮುಂದೆ ಬಂದು ನಿಂತಿತು. ಜಿಟಿಜಿಟಿ ಮಳೆ. ಮೇಡಮ್ ರಸ್ತೆಯಾಚೆ ಯಂತ್ರಕ್ಕೆ ಛತ್ರಿ ಹಿಡಿದು ನಿಂತಿದ್ದರು, ನಡುವೆ ಪೊದೆ. ನಾನು ಕೋಲು ಹಿಡಿದು ಇಳಿದಾಗ ಕಾಲ ಕೆಳಗೆ ತಗ್ಗಿತ್ತು, ಅದರ ಅಂಚಿನಲ್ಲಿ ಸಲಿಕೆಯ ಹೊಸ ಗುರುತಿತ್ತು. ನೋಡಿದೆ. ನೋಡಿಯೂ ಅಲ್ಲೇ ಕೋಲು ಊರಿದೆ, ಯಾಕೆಂದರೆ ಆಚೆಗೆ ಹೋಗಲು ಮುಳ್ಳು ದಾಟಬೇಕಿತ್ತು, ಮತ್ತು ರಸ್ತೆಯ ಅಂಗಡಿಯಲ್ಲಿ ಬಿಸಿ ಮಿರ್ಚಿ ಕರಿಯುತ್ತಿದ್ದರು. "ಹಳ್ಳದ ತಳಾನ ಏನ್ರಿ ಕಾಕಾ?" ಎಂದು ಆಕೆ ಕೂಗಿ ಕೇಳಿದ್ದರು. "ತಳಾನ್ರಿ" ಎಂದು ನಾನು ಕೂಗಿದ್ದೆ. ಇಪ್ಪತ್ತಾರು ವರ್ಷದ ಸೊಕ್ಕು ಒಂದೇ ಒಂದು ಮಾತಿನಲ್ಲಿತ್ತು. ಮಳೆ ಜೋರಾಯಿತು, ಹಳ್ಳದುದ್ದಕ್ಕೆ ಮೋರಿಯ ಮೇಲೊಂದು ಕಡೆ, ಕೆಳಗೊಂದು ಕಡೆ ಓದಬೇಕಿದ್ದ ಅಳತೆಗಳನ್ನು ಬಿಟ್ಟು ಬಂದೆವು.

ಈಗ ನಾನು ಏನು ಮಾಡಬೇಕಿತ್ತು ಎಂದು ಎಲ್ಲರಿಗೂ ಗೊತ್ತು. ನಾನು ಮಾಡಿದ್ದು ಬೇರೆ. ಮೇಡಮ್ಮನ್ನು ಪಕ್ಕಕ್ಕೆ ಕರೆದು, "ನಕ್ಷಾದಾಗ ಇದ್ದಂಗನ ಎರಡ ಅಡಿ ತಗ್ಗಿಸಿ ಕೂಡಿಸಿಬಿಡೂಣ್ರಿ. ಯಾರ ನೋಡತಾರ. ಸಾಹೇಬ್ರು ಮೂರಕ್ಕ ಬಂದ ನಾಕಕ್ಕ ಹೋಗತಾರ. ನಿಮ್ಮ ವರದಿ ಹೋಗಿಬಿಡಲಿ ಮೊದಲ" ಎಂದೆ.

ಆಕೆ ನನ್ನನ್ನು ಬೈಯಲಿಲ್ಲ. ಒಂದು ಪೈಪಿನ ಮೇಲೆ ಕೂತು, ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಹೇಳಿದರು. "ತಳಕ್ಕಿಂತ ಎರಡು ಅಡಿ ಕೆಳಗ ಕೂಡಿಸಿದ್ರ ಮೊದಲನೇ ಮಳಿಗೇ ಅರ್ಧಕ್ಕಿಂತ ಮೇಲೆ ಹೂಳು ತುಂಬತದ ಕಾಕಾ. ಕುಣಿ ಹೆಂಗ ತುಂಬತಿತ್ತೋ ಹಂಗ. ನೀರು ರಸ್ತಾ ಮ್ಯಾಲೆ ಹತ್ತತದ. ನನ್ನ ವರದಿ ಚಂದ ಇರತದ, ರಸ್ತಾ ಇರೂದಿಲ್ಲ."

ನನಗೆ ಮಗಳ ವಯಸ್ಸಿನ ಹುಡುಗಿ. ಎರಡು ವರ್ಷದ ದುಡಿಮೆ ಕೈ ಜಾರುತ್ತಿದೆ ಎಂದು ಗೊತ್ತಿದ್ದೂ ಆಕೆಯ ದನಿ ಅಲ್ಲಾಡಲಿಲ್ಲ. ನನಗೆ ನಾಚಿಕೆಯಾಯಿತು. ಆದರೂ ಕುಣಿ ಕಂಡಿದ್ದೆ ಎಂದು ಒಪ್ಪಿಕೊಳ್ಳಲಿಲ್ಲ.

ಮೂರು ಗಂಟೆಗೆ ಸಾಹೇಬರ ಜೀಪು ಬಂತು. ಮಹಾಂತಯ್ಯನವರು ಊರಿನ ನಾಲ್ಕು ಮಂದಿಯೊಂದಿಗೆ ಮೊದಲೇ ಬಂದು ಬೇವಿನ ನೆರಳು ಹಿಡಿದಿದ್ದರು. ಮೇಡಮ್ ಯಾರೂ ಕೇಳುವ ಮುಂಚೆಯೇ ಹೇಳಿದರು. "ಸರ್, ಕಾಂಕ್ರೀಟು ಇವತ್ತು ಬ್ಯಾಡ್ರಿ. ಹ್ವಾದ ವರ್ಷದ ತಳದ ಅಳತಿ ತಪ್ಪದ. ಇಲ್ಲೆ ಪೈಪು ಕೂಡೂದಿಲ್ಲ. ಬಾಕ್ಸ್ ಬೇಕು."

ಮಹಾಂತಯ್ಯನವರ ಮೀಸೆ ಕುಣಿಯಿತು. ಸಾಹೇಬರ ಮುಖ ಕಲ್ಲಿನಂತಿತ್ತು. ದಾರ ನೋಡಿದರು, ಪೈಪಿನ ನೆತ್ತಿ ನೋಡಿದರು.

"ರಸ್ತಾ ಒಂದೂವರೆ ಅಡಿ ಏರಸ್ರಿ. ಪೈಪೇ ನಡೀತದ."

"ಏರಿಸಿದ್ರ ರಸ್ತಾನ ಒಡ್ಡಾಗತದ ಸರ್. ಹಳ್ಳದ ಎರಡೂ ಕಡೆ ಸಪಾಟ ಹೊಲ. ಮಳಿಗಾಲದಾಗ ನೀರು ಮೇಲಿನ ಹೊಲದಾಗ ನಿಲ್ಲತದ, ರತ್ನವ್ವನ ಕಟ್ಟಿ ಮುಳಗತದ."

"ಸಣ್ಣ ಪೈಪು ಹಾಕ್ರಿ. ಎರಡು ಅಡೀದು, ನಾಕು ಸಾಲು. ಮೇಲೆ ಮಣ್ಣು ಸಿಗತದ."

ಇದಕ್ಕೆ ಹುಸೇನಬಾಷಾ ಉತ್ತರ ಕೊಟ್ಟರು. "ಹೊಲದಿಂದ ಹತ್ತಿಕಟಿಗಿ ತೇಲಿ ಬರತಾವ್ರಿ ಸಾಹೇಬ್ರ ಈ ಹಳ್ಳದಾಗ. ಸಣ್ಣ ಬಾಯಿ ಒಂದ ದಿನದಾಗ ಕಟ್ಟತಾವು. ಒಳಗ ಮನಶ್ಯಾ ಹೊಕ್ಕು ತಗೀಲಿಕ್ಕೂ ಬರೂದಿಲ್ಲ."

"ಇವೇ ಪೈಪಿನ ಸುತ್ತ ಕಾಂಕ್ರೀಟು ತುಂಬಿದ್ರ?"

ಸಾಹೇಬರು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಆಗ ನನಗೆ ಹೊಳೆಯಿತು. ಮೇಡಮ್ ಒಂದು ಕ್ಷಣ ಯೋಚಿಸಿದರು. "ಗಾಲಿ ಭಾರ ತಡೀತದ ಸರ್. ಆದ್ರ ನಾ ಲೆಕ್ಕ ಮಾಡಿದಾಗ ಆರೂವರಿ ಅಡಿ ಎತ್ತರ ಹಿಡದಿದ್ದೆ. ನೀರು ಬಾಯಿ ಮುಂದ ಏರಿ ನಿಂತು, ಒತ್ತಿ ಒಳಗ ಹೋಗತಿತ್ತು. ಈಗ ಏರಲಿಕ್ಕ ಎತ್ತರ ಇಲ್ಲ, ಎರಡು ಪೈಪು ಸಾಲೂದಿಲ್ಲ. ಬಾಕ್ಸ್ ಆದ್ರ ಹತ್ತು ಅಡಿ ಅಗಲ, ಮೂರೂವರಿ ಅಡಿ ಎತ್ತರ. ಎರಡೂ ಪೈಪು ಕೂಡಿಸಿದ್ದಕ್ಕಿಂತ ಬಾಯಿ ದುಪ್ಪಟ್ಟು ಆಗತದ. ಮೇಲಿನ ಚಪ್ಪಡಿಗೆ ಕಬ್ಬಣ ಇರತದ, ಗಾಲಿ ಸೀದಾ ಅದರ ಮ್ಯಾಲೆ ಹೋಗಬಹುದು, ಮಣ್ಣ ಬೇಕಾಗಿಲ್ಲ. ಕೆಳಗೂ ಇಡೀ ತಳ ಒಂದೇ ಚಪ್ಪಡಿ. ಎರಿ ಭೂಮಿ ಉಬ್ಬಿ ಇಳದ್ರ ಪೈಪಿನ ಜೋಡಣಿ ಬಿಡತಾವು, ಇದು ಒಂದೇ ಮೈ ಆಗಿ ನಿಲ್ಲತದ. ಎರಡು ತಿಂಗಳು ಬೇಕು. ಇವತ್ತ ಹೂಂ ಅಂದ್ರ ಮಳಿಗಿಂತ ಮೊದಲ ಮುಗಸಬಹುದು."

ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ತಾನು ವಾದ ಮಾಡಿ ಗೆದ್ದ ಪೈಪನ್ನು ತಾನೇ ಇಷ್ಟು ಚೆನ್ನಾಗಿ ಸೋಲಿಸುವುದನ್ನು ನಾನು ಯಾವ ಇಂಜಿನಿಯರಿನಲ್ಲೂ ನೋಡಿರಲಿಲ್ಲ.

ಹುಸೇನಬಾಷಾ ತಲೆ ಆಡಿಸುತ್ತಿದ್ದರು. ಬಾಕ್ಸ್ ಆದರೆ ಕಲ್ಲಿನ ಹೆಡ್‌ವಾಲ್ ಇಲ್ಲ, ಅವರ ಕೆಲಸವೆಲ್ಲ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗಿನವರಿಗೆ ಹೋಗುತ್ತದೆ. ಅದು ಗೊತ್ತಿದ್ದೇ ದಾರ ಕಟ್ಟಿದ್ದರು. "ನಿಮ್ಮ ಕೆಲಸ ಹೋತಲ್ರೀ" ಎಂದು ನಾನು ಪಿಸುಗುಟ್ಟಿದೆ.

"ಸೀಳಿದ ಪೈಪಿಗೆ ಛಲೋ ಗ್ವಾಡಿ ಕಟ್ಟಿ ಏನ ಮಾಡ್ಲಿ ಗುರಪಾದಣ್ಣಾ" ಎಂದರು, ಅಷ್ಟೇ.

ಸಾಹೇಬರು ಫೀಲ್ಡ್ ಬುಕ್ ಈಸಿಕೊಂಡು ಆ ಹಳೆಯ ಪುಟ ತೆರೆದರು. "ಕೋಲು ಹಿಡದಾವ್ರು ಯಾರು?"

ರತ್ನವ್ವನ ಮಾತು ಕೇಳಿದ ಕ್ಷಣದಿಂದ ಮೇಡಮ್ಮಿಗೆ ಇದರ ಉತ್ತರ ಗೊತ್ತಿತ್ತು. ಇಡೀ ದಿನ ನನಗೆ ಒಂದು ಮಾತೂ ಕೇಳಿರಲಿಲ್ಲ.

"ಓದಿದಾಕಿ ನಾನ್ರಿ ಸರ್. ಮೇಲೆ ಕೆಳಗ ಇನ್ನೆರಡು ಕಡೆ ಓದದ ಬಿಟ್ಟಾಕಿನೂ ನಾನ. ಓದಿದ್ರ ಅವತ್ತೇ ಗೊತ್ತಾಗತಿತ್ತು. ತಪ್ಪು ನನ್ನದು."

ಆಕೆ ನನ್ನ ಕಡೆ ಕಣ್ಣು ಕೂಡ ತಿರುಗಿಸಲಿಲ್ಲ. ತಿರುಗಿಸಿದ್ದರೆ ಬಹುಶಃ ನಾನು ಸುಮ್ಮನೆ ನಿಂತುಬಿಡುತ್ತಿದ್ದೆ.

"ಕೋಲ ಹಿಡದಾವ ನಾನ್ರಿ ಸಾಹೇಬ್ರ" ಎಂದೆ. "ಕುಣಿ ಅಂತ ಕಂಡಿತ್ತು. ಮೇಡಮ್ಮಾರು ತಳಾನ ಏನು ಅಂತ ಕೇಳಿದ್ರು. ತಳಾ ಅಂತ ಹೇಳಿದಾವ ನಾನ. ಇವತ್ತ ಮುಂಜಾನಿ ಮುಚ್ಚಿಬಿಡೂಣು ಅಂದಾವನೂ ನಾನ. ಅವರು ಬ್ಯಾಡ ಅಂದ್ರು."

ಸಾಹೇಬರು ನಮ್ಮಿಬ್ಬರನ್ನೂ ನೋಡಿ, ಪುಸ್ತಕವನ್ನು ಮೇಡಮ್ಮಿನ ಕೈಗೆ ಕೊಟ್ಟು, ಆದದ್ದನ್ನೆಲ್ಲ ಅದರಲ್ಲಿ ಬರೆಯಲು ಹೇಳಿದರು. ಆಕೆ ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಬರೆದರು: ಹಿಂದಿನ ಅಳತೆಯನ್ನು ಮಣ್ಣೆತ್ತಿನ ಕುಣಿಯಲ್ಲಿ ತೆಗೆದುಕೊಳ್ಳಲಾಗಿದೆ, ತಪ್ಪು, ಇಂದಿನ ಅಳತೆ ನಾಲ್ಕೂವರೆ ಅಡಿ, ಪೈಪ್ ರದ್ದುಪಡಿಸಿ ಬಾಕ್ಸ್ ಪ್ರಸ್ತಾಪಿಸಿದೆ. ಸಹಿ ಹಾಕಿದರು. ಕೆಳಗೆ ನಾನೂ ಹಾಕಿದೆ.

ಸಾಹೇಬರು ಓದಿ ಪುಸ್ತಕ ಮುಚ್ಚಿದರು. "ಈ ಪುಟದ ಝೆರಾಕ್ಸ್ ನಾಳೆ ನನ್ನ ಟೇಬಲ್ಲಿಗೆ ಬರಲಿ ಮೈತ್ರೇಯಿ. ನಿಮ್ಮ ಪ್ರೊಬೇಷನ್ ವರದಿಗೆ ಹಚ್ಚಬೇಕು."

ಮೇಡಮ್ಮಿನ ತುಟಿ ಬಿಗಿಯಿತು. "ಹೂಂ ಸರ್" ಎಂದರು.

"ಹಿಂದ ಅಲ್ಲ. ಮೊದಲನೇ ಹಾಳಿ ಇದೇ ಇರಲಿ" ಎಂದರು ಸಾಹೇಬರು. "ಸುರಿಯೂಕಿಂತ ಮೊದಲ ತನ್ನ ತಪ್ಪು ತಾನ ಹೇಳುವ ಇಂಜಿನಿಯರು ನಮ್ಮ ಉಪವಿಭಾಗಕ್ಕ ಬೇಕು ಅಂತ ಅದರ ಕೆಳಗ ನಾ ಬರೀತೀನಿ."

ಆಮೇಲೆ ನನ್ನ ಕಡೆ ತಿರುಗಿದರು. "ನಿಮಗ ಮೆಮೊ ಬರತದ ಗುರುಪಾದ."

"ಬರಲ್ರೀ" ಎಂದೆ. ಇಪ್ಪತ್ತಾರು ವರ್ಷದಲ್ಲಿ ಮೂರು ಮೆಮೊ ತಿಂದಿದ್ದೇನೆ, ಮೂರಕ್ಕೂ ಜಗಳ ಆಡಿದ್ದೇನೆ. ಇದಕ್ಕೆ ಮಾತ್ರ ಜಗಳ ಆಡುವ ಮನಸ್ಸಾಗಲಿಲ್ಲ. ಮೈತ್ರೇಯಿ ಮೇಡಮ್ ಆಗಲೇ ಪೆನ್ನು ಜೇಬಿಗೆ ಸಿಕ್ಕಿಸಿ ಹುಸೇನಬಾಷಾರ ಜೊತೆ ಹಳ್ಳಕ್ಕೆ ಇಳಿಯುತ್ತಿದ್ದರು. ನನ್ನನ್ನು ದಾಟಿ ಹೋಗುವಾಗ ಅಳತೆಯ ಕೋಲನ್ನು ಎತ್ತಿ ನನ್ನ ಕೈಗೇ ಕೊಟ್ಟರು.